3 ಲಕ್ಷ ಎಫ್‌ಡಿ ಇಟ್ಟೆ, ಹತ್ತು ವರ್ಷಕ್ಕೆ 5.73 ಲಕ್ಷ ಬಂತು. ಆದರೂ ಮಗಳ ಕಾಲೇಜಿಗೆ ಸಾಲುತ್ತಿಲ್ಲ, ಯಾಕೆ?

ಸವಿತಾ, ಹಾಸನ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಈ ಲೆಕ್ಕ ತಲೆಯಲ್ಲಿ ಕೊರೆಯುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

2015ರ ಜುಲೈನಲ್ಲಿ ಮಗಳ ಹೆಸರು ಹೇಳಿ ಬ್ಯಾಂಕಿನಲ್ಲಿ 3 ಲಕ್ಷ ಎಫ್‌ಡಿ ಇಟ್ಟೆ. ಆಗ ಅವಳು ಮೂರನೇ ಕ್ಲಾಸು. ಬಡ್ಡಿ ಶೇ 8.25, ಐದು ವರ್ಷ. 2020ರಲ್ಲಿ ಮೆಚ್ಯೂರ್ ಆದಾಗ ಬಂದ ದುಡ್ಡನ್ನು ಮುಟ್ಟದೆ ಪೂರ್ತಿ ಐದು ವರ್ಷಕ್ಕೆ ರಿನ್ಯೂ ಮಾಡಿಸಿದೆ. ಆಗ ಸಿಕ್ಕಿದ್ದು ಶೇ 5.4. 2025ರ ಜುಲೈನಲ್ಲಿ ಕೈಗೆ ಬಂದದ್ದು 5,73,000 ಚಿಲ್ಲರೆ.

ನನ್ನ ಬೀರುವಿನಲ್ಲಿ ಎಫ್‌ಡಿ ಬಾಂಡು ಇಟ್ಟಿದ್ದ ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ಒಂದು ಚೀಟಿ ಸಿಕ್ಕಿತು. 2015ರಲ್ಲಿ ನಾನೇ ಬರೆದಿಟ್ಟಿದ್ದು. ಆಗ ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಸೇರಿದ್ದ. ಅವನ ಮೊದಲ ವರ್ಷದ ಖರ್ಚನ್ನು ಅವರ ಅಮ್ಮನ ಹತ್ರ ಕೇಳಿ ಬರೆದುಕೊಂಡಿದ್ದೆ. ಫೀಸು, ಹಾಸ್ಟೆಲ್, ಪುಸ್ತಕ, ಬಸ್ಸು ಎಲ್ಲಾ ಸೇರಿ 1,20,000. ಅದರ ಕೆಳಗೆ "3 ಲಕ್ಷ = ಎರಡೂವರೆ ವರ್ಷ. ಬೆಳೆದರೆ ನಾಲ್ಕೂ ವರ್ಷ ಆಗುತ್ತೆ" ಅಂತ ಬರೆದಿದ್ದೇನೆ.

ಈಗ ಅದೇ ಥರದ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ 2,35,000 ಹೇಳಿದ್ದಾರೆ. 5,73,000ಕ್ಕೆ ಎರಡೂವರೆ ವರ್ಷವೂ ಪೂರ್ತಿ ಆಗುವುದಿಲ್ಲ. ಹತ್ತು ವರ್ಷ ಒಂದು ರೂಪಾಯಿ ತೆಗೆಯಲಿಲ್ಲ. ಹಾಗಾದರೆ ಬಡ್ಡಿ ಎಲ್ಲಿ ಹೋಯಿತು?

ನಾನು ಕಂಪನಿಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹತ್ತು ವರ್ಷವೂ ಶೇ 20ರ ಸ್ಲ್ಯಾಬ್‌ನಲ್ಲೇ ಇದ್ದೇನೆ. ರಿಟರ್ನ್ ನಮ್ಮ ಆಡಿಟರ್ ಹಾಕುತ್ತಾರೆ, ಪ್ರತಿ ವರ್ಷ ಎಫ್‌ಡಿ ಬಡ್ಡಿ ತೋರಿಸಿದ್ದೇನೆ.

ಕಾರ್ತಿಕ್, ಸಕಲೇಶಪುರ

ಅಕ್ಕಾ, ಉತ್ತರ ಸುಲಭ. ಎಫ್‌ಡಿಯಲ್ಲಿ ದುಡ್ಡು ಬೆಳೆಯಲ್ಲ. ಹಣದುಬ್ಬರ ಶೇ 7, ಎಫ್‌ಡಿ ಶೇ 7. ಸೊನ್ನೆ. ಇದನ್ನೇ 2015ರಲ್ಲಿ ಷೇರು ಮಾರುಕಟ್ಟೆಯ ಇಂಡೆಕ್ಸ್ ಫಂಡ್‌ಗೆ ಹಾಕಿದ್ದರೆ ಇದಕ್ಕಿಂತ ಜಾಸ್ತಿ ಬೆಳೆಯುತ್ತಿತ್ತು. ದೊಡ್ಡ ಗುರಿಗೆ ಎಫ್‌ಡಿ ಇಡಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಮೂರ್ತಿ, ಚಿಕ್ಕಮಗಳೂರು

ಸವಿತಾ ಮೇಡಂ, ಆ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತಿ ಆದವನು ನಾನು. ಎಫ್‌ಡಿ ಇಡುವ ದಿನವೇ ಗುರಿಯ ಬೆಲೆ ಬರೆದಿಟ್ಟುಕೊಂಡವರನ್ನು ನೋಡಿದ್ದು ತೀರಾ ಕಡಿಮೆ.

ಮೊದಲು ನಿಮ್ಮ 5,73,000 ಎಲ್ಲಿಂದ ಬಂತು ನೋಡೋಣ. ತೆರಿಗೆ ಕತ್ತರಿಸದೆ ಇದ್ದಿದ್ದರೆ 3 ಲಕ್ಷ ಮೊದಲ ಐದು ವರ್ಷಕ್ಕೆ 4,51,000 ಆಗುತ್ತಿತ್ತು. ಅದು ಮುಂದಿನ ಐದು ವರ್ಷಕ್ಕೆ 5,90,000 ಆಗುತ್ತಿತ್ತು. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವ ಲೆಕ್ಕ ಇದು. ಮೊದಲ ವರ್ಷಗಳಲ್ಲಿ ಬ್ಯಾಂಕು ಶೇ 10 ಟಿಡಿಎಸ್ ಹಿಡಿದಿದೆ, ಆಗ ಬಡ್ಡಿ ವರ್ಷಕ್ಕೆ 10,000 ದಾಟಿದರೆ ಹಿಡಿಯುತ್ತಿದ್ದರು. 2019ರ ಏಪ್ರಿಲ್‌ನಿಂದ ಆ ಮಿತಿ 40,000 ಆಯಿತು. ನಿಮ್ಮ ಬಡ್ಡಿ ಅದಕ್ಕಿಂತ ಕಡಿಮೆ, ಆದ್ದರಿಂದ ಆಮೇಲೆ ಏನೂ ಹಿಡಿದಿಲ್ಲ. ಹೀಗೆ 5,90,000 ಇದ್ದದ್ದು 5,73,000 ಆಗಿ ನಿಮ್ಮ ಕೈ ಸೇರಿದೆ.

ಆದರೆ ನಿಮ್ಮ ತೆರಿಗೆ ಶೇ 10 ಅಲ್ಲವಲ್ಲ, ಸೆಸ್ ಸೇರಿ ಶೇ 20.8. ಉಳಿದದ್ದನ್ನು ಪ್ರತಿ ವರ್ಷ ರಿಟರ್ನ್ ಹಾಕುವಾಗ ನಿಮ್ಮ ಸಂಬಳದಿಂದ ಕಟ್ಟಿದ್ದೀರಿ. ಅದು ಎಫ್‌ಡಿಯ ಖರ್ಚೇ, ಬೇರೆ ಜೇಬಿನಿಂದ ಹೋದದ್ದರಿಂದ ಕಣ್ಣಿಗೆ ಬೀಳಲಿಲ್ಲ. ಎಲ್ಲ ತೆರಿಗೆಯೂ ಆ ಎಫ್‌ಡಿಯಿಂದಲೇ ಹೋಗಿದ್ದರೆ ಇವತ್ತು ನಿಮ್ಮ ಹತ್ರ ಇರುತ್ತಿದ್ದದ್ದು ಸುಮಾರು 5,15,000.

ಈಗ ಚೀಟಿಯ ಲೆಕ್ಕ ಮಾಡಿ. 2015ರಲ್ಲಿ 3,00,000 ಭಾಗಿಸು 1,20,000, ಎರಡೂವರೆ ವರ್ಷ. 2025ರಲ್ಲಿ 5,15,000 ಭಾಗಿಸು 2,35,000, ಎರಡು ವರ್ಷ ಎರಡು ತಿಂಗಳು. ಹತ್ತು ವರ್ಷ ಕಾದ ಮೇಲೆ ನಾಲ್ಕು ತಿಂಗಳ ಓದು ಕಡಿಮೆ ಆಗಿದೆ.

ಸವಿತಾ, ಹಾಸನ

ಸರ್, ಈಗ ಪಾಸ್‌ಬುಕ್ ಹಿಡಿದುಕೊಂಡು ಕೂತೆ. ನೀವು ಹೇಳಿದಂತೆಯೇ ಇದೆ. 2019ರವರೆಗೆ ವರ್ಷಕ್ಕೆ ಎರಡು ಮೂರು ಸಾವಿರ ಟಿಡಿಎಸ್ ಅಂತ ಹೋಗಿದೆ. ಆಮೇಲೆ ಇಲ್ಲ. ಆಡಿಟರ್ ಪ್ರತಿ ಜುಲೈನಲ್ಲಿ "ಇಷ್ಟು ಕಟ್ಟಿ" ಅನ್ನುತ್ತಿದ್ದರು, ಕಟ್ಟುತ್ತಿದ್ದೆ. ಅದು ಮಗಳ ಎಫ್‌ಡಿಯ ಖರ್ಚು ಅಂತ ಒಂದು ದಿನವೂ ಹೊಳೆಯಲಿಲ್ಲ.

ತೋಟದಮನೆ ಗೌಡ, ಮೂಡಿಗೆರೆ

ಇಲ್ಲಿ ತೆರಿಗೆ ತೆರಿಗೆ ಅಂತೀರಲ್ಲ, ನಮಗೆ ಅದರ ತೊಂದರೆ ಇಲ್ಲ. ಕಾಫಿ ದುಡ್ಡು ಕೃಷಿ ಆದಾಯ. ಹೋದ ವರ್ಷ ರೇಟು ಚೆನ್ನಾಗಿ ಬಂತು, 50 ಲಕ್ಷ ಎಫ್‌ಡಿ ಇಟ್ಟಿದ್ದೇನೆ, ಶೇ 7. ಕೃಷಿ ದುಡ್ಡಿನ ಬಡ್ಡಿಗೂ ತೆರಿಗೆ ಇಲ್ಲ. ಸವಿತಾ ಅವರು ಎಫ್‌ಡಿಯನ್ನು ಜಮೀನು ಇರುವ ಅಣ್ಣನೋ ತಮ್ಮನೋ ಹೆಸರಿನಲ್ಲಿ ಇಟ್ಟಿದ್ದರೆ ಆಗುತ್ತಿತ್ತು.

ಮೂರ್ತಿ, ಚಿಕ್ಕಮಗಳೂರು

ಗೌಡ್ರೇ, ಒಂದು ತಿದ್ದುಪಡಿ. ಕಾಫಿ ಮಾರಿದ ದುಡ್ಡು ಕೃಷಿ ಆದಾಯ. ಅದನ್ನು ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿ ಕೃಷಿ ಆದಾಯ ಅಲ್ಲ. ನಿಮಗೆ ತೆರಿಗೆ ಬೀಳದೆ ಇರುವುದಕ್ಕೆ ಕಾರಣ ಬೇರೆ. 50 ಲಕ್ಷಕ್ಕೆ ಬಡ್ಡಿ ಮೂರೂವರೆ ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಕೃಷಿ ಬಿಟ್ಟು ಬೇರೆ ಆದಾಯ ನಿಮಗೆ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಬ್ಯಾಂಕು ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ.

ಬಡ್ಡಿ 4 ಲಕ್ಷ ದಾಟಿದ ವರ್ಷ ಲೆಕ್ಕ ಬದಲಾಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಹಾಕುವುದಿಲ್ಲ, ಆದರೆ ನಿಮ್ಮ ಬಡ್ಡಿ ಯಾವ ಸ್ಲ್ಯಾಬಿಗೆ ಬೀಳುತ್ತದೆ ಅಂತ ನೋಡುವಾಗ ಕೃಷಿ ಆದಾಯವನ್ನೂ ಸೇರಿಸಿ ನೋಡುತ್ತಾರೆ. ಇನ್ನೊಂದು ವಿಷಯ. ಹಣ್ಣು ಹಾಗೇ ಮಾರುತ್ತೀರೋ, ಇಲ್ಲಾ ನೀವೇ ಕ್ಯೂರಿಂಗ್ ಮಾಡಿಸಿ ಮಾರುತ್ತೀರೋ? ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದಲ್ಲಿ ಶೇ 25 ಭಾಗ ವ್ಯಾಪಾರದ ಆದಾಯ ಅಂತ ಲೆಕ್ಕ.

ಎಫ್‌ಡಿಯನ್ನು ತಮ್ಮನ ಹೆಸರಿಗೆ ಇಡುವ ಮಾತು ಬೇಡ. ನಾಳೆ ಅದು ತಮ್ಮನ ದುಡ್ಡು. ಕೌಂಟರಿನ ಮುಂದೆ ಅಣ್ಣತಮ್ಮಂದಿರು ಜಗಳ ಆಡಿದ್ದು ನಾನು ಬೇಕಾದಷ್ಟು ನೋಡಿದ್ದೇನೆ.

ತೋಟದಮನೆ ಗೌಡ, ಮೂಡಿಗೆರೆ

ಕ್ಯೂರಿಂಗ್ ಮಾಡಿಸಿಯೇ ಮಾರಿದ್ದು. ಶೇ 25ರ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸೋಮವಾರ ಆಡಿಟರ್ ಹತ್ರ ಹೋಗುತ್ತೇನೆ. ತಿಳಿಸಿದ್ದಕ್ಕೆ ಉಪಕಾರ ಆಯಿತು.

ಕಾರ್ತಿಕ್, ಸಕಲೇಶಪುರ

ಮೂರ್ತಿ ಸರ್, ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ಅದು ಹಳೇ ಕಥೆ ಅಲ್ವಾ? ಈಗ ಎರಡು ವಿಷಯ ಬದಲಾಗಿವೆ. ಒಂದು, 2025ರ ಏಪ್ರಿಲ್‌ನಿಂದ 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ಎರಡು, 2025ರ ಜುಲೈನಲ್ಲಿ ಹಣದುಬ್ಬರ ಶೇ 2ಕ್ಕಿಂತ ಕೆಳಗೆ ಬಂದಿದೆ. ಎಫ್‌ಡಿ ಶೇ 6.5 ಕೊಡುತ್ತಿದೆ. ಅಂದರೆ ನಿಜವಾದ ಲಾಭ ಶೇ 4.5. ಈಗ ಎಫ್‌ಡಿ ಇಡೋರಿಗೆ ಲಾಭವೇ. ಮೊದಲು ನಾನು ಎಫ್‌ಡಿ ಬೇಡ ಅಂದಿದ್ದು, ಈಗ ಲೆಕ್ಕ ಹಾಕಿದಾಗ ಹೀಗೂ ಕಾಣುತ್ತಿದೆ.

ಮೂರ್ತಿ, ಚಿಕ್ಕಮಗಳೂರು

ಎರಡರಲ್ಲೂ ಅರ್ಧ ಸರಿ ಇದೆ ಕಾರ್ತಿಕ್.

ಹಣದುಬ್ಬರದ್ದು ಮೊದಲು. ಶೇ 2ಕ್ಕಿಂತ ಕಡಿಮೆ ಅನ್ನುವುದು 2024ರ ಜುಲೈಗೆ ಹೋಲಿಸಿದ ಸಂಖ್ಯೆ. ತರಕಾರಿ, ಬೇಳೆ ಬೆಲೆ ಇಳಿದದ್ದರಿಂದ ಹಾಗೆ ಬಂದಿದೆ. ಒಂದು ವರ್ಷದ ಎಫ್‌ಡಿಗೆ ಈ ಲೆಕ್ಕ ನಡೆಯುತ್ತದೆ. ಹತ್ತು ಹದಿಮೂರು ವರ್ಷದ ಗುರಿಗೆ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಗುರಿಯೇ ಶೇ 4. ಗ್ರಾಹಕ ಬೆಲೆ ಸೂಚ್ಯಂಕ 2012ರಲ್ಲಿ 100 ಇತ್ತು. ಮೇಡಂ ಎಫ್‌ಡಿ ಇಟ್ಟ ಜುಲೈ 2015ರಲ್ಲಿ ಸುಮಾರು 124, ರಿನ್ಯೂ ಮಾಡಿದಾಗ 154, 2025ರ ಜುಲೈನಲ್ಲಿ 196. ಹತ್ತು ವರ್ಷಕ್ಕೆ ವರ್ಷಕ್ಕೆ ಶೇ 4.7 ಬಿತ್ತು. ನೀವು ಮೊದಲು ಹೇಳಿದ ಶೇ 7 ಜಾಸ್ತಿ ಆಯಿತು, ಈಗ ಹೇಳುತ್ತಿರುವ ಶೇ 2 ಕಡಿಮೆ ಆಯಿತು.

ಇನ್ನೊಂದು ಕಡೆ ಗಮನ ಕೊಡಿ. ಬೆಲೆ ಏರಿಕೆ ಕಡಿಮೆ ಆದಾಗ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅಂದರೆ ರೆಪೊ ದರ ಇಳಿಸುತ್ತದೆ, ಎಫ್‌ಡಿ ದರವೂ ಹಿಂದೆಯೇ ಇಳಿಯುತ್ತದೆ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ ಶೇ 6.5ರಿಂದ 5.5ಕ್ಕೆ ಬಂತು. 2020ರಲ್ಲಿ ಕೊರೊನಾ ಸಮಯಕ್ಕೆ ಶೇ 4ಕ್ಕೆ ಇಳಿಸಿದ್ದರು. ಮೇಡಂ ಎಫ್‌ಡಿ ರಿನ್ಯೂ ಆದದ್ದು ಸರಿಯಾಗಿ ಆ ಹೊತ್ತಿಗೆ. ಆಮೇಲೆ ಬೆಲೆಗಳು ಮತ್ತೆ ಏರಿದವು, ಇವರ ದರ ಮಾತ್ರ ಐದು ವರ್ಷ ಶೇ 5.4ಕ್ಕೆ ಕಟ್ಟಿಹಾಕಿದ ಹಾಗಿತ್ತು. ಅವರ ಮೊದಲ ಐದು ವರ್ಷ ತೆರಿಗೆ ಕಳೆದ ಮೇಲೂ ಬೆಲೆ ಏರಿಕೆಗಿಂತ ವರ್ಷಕ್ಕೆ ಶೇ 2ರಷ್ಟು ಮುಂದಿತ್ತು. ಎರಡನೇ ಐದು ವರ್ಷ ಹಿಂದೆ ಬಿತ್ತು. ಎಫ್‌ಡಿಯಲ್ಲಿ ಅಸಲು ಗಟ್ಟಿ. ಮುಂದಿನ ಸಲ ಎಷ್ಟು ಬಡ್ಡಿ ಸಿಗುತ್ತದೆ ಅನ್ನುವುದಕ್ಕೆ ಯಾರ ಗ್ಯಾರಂಟಿಯೂ ಇಲ್ಲ.

12 ಲಕ್ಷದ ವಿಷಯ ಇನ್ನೊಂದು ಉತ್ತರದಲ್ಲಿ ಬರೆಯುತ್ತೇನೆ. ಮೊದಲು ತೆರಿಗೆ ಎಷ್ಟು ತಿನ್ನುತ್ತದೆ ಅನ್ನುವುದು ಸ್ಪಷ್ಟ ಆಗಲಿ.

2015ರ 3 ಲಕ್ಷಕ್ಕೆ ಇವತ್ತಿನ ಬೆಲೆಯಲ್ಲಿ 4,75,000 ಬೇಕು. ಅಂದರೆ 4,75,000 ಆಗುವವರೆಗೆ ಮೇಡಂ ಏನೂ ಗಳಿಸಿಲ್ಲ, ಇದ್ದಲ್ಲೇ ಇದ್ದಾರೆ. ತೆರಿಗೆ ಇಲ್ಲದಿದ್ದರೆ 5,90,000 ಬರುತ್ತಿತ್ತು. ನಿಜವಾದ ಗಳಿಕೆ 1,15,000. ತೆರಿಗೆ ಹೋಗಿ ಉಳಿದದ್ದು 5,15,000. ನಿಜವಾದ ಗಳಿಕೆ 40,000. ಆ 1,15,000ದಲ್ಲಿ 75,000 ತೆರಿಗೆಗೆ ಹೋಯಿತು. ಕಾಗದದ ಮೇಲೆ ತೆರಿಗೆ ಶೇ 20.8. ನಿಜವಾದ ಗಳಿಕೆಗೆ ಹೋಲಿಸಿದರೆ ಅದು ಶೇ 65.

ಯಾಕೆ ಹೀಗಾಗುತ್ತದೆ ಅಂದರೆ, ಬೆಲೆ ಏರಿಕೆಯನ್ನು ಸರಿದೂಗಿಸಲು ಬಂದ ಬಡ್ಡಿಯನ್ನೂ ಇಲಾಖೆ ಲಾಭ ಅಂತಲೇ ನೋಡುತ್ತದೆ. ಅಸಲಿನ ಸವಕಳಿಗೆ ಯಾವ ರಿಯಾಯಿತಿಯೂ ಇಲ್ಲ. ಇದೇ ಎಫ್‌ಡಿ ಶೇ 30ರ ಸ್ಲ್ಯಾಬಿನವರದ್ದಾಗಿದ್ದರೆ ಉಳಿಯುತ್ತಿದ್ದದ್ದು 4,80,000. ಹತ್ತು ವರ್ಷಕ್ಕೆ ಐದು ಸಾವಿರ.

ನಂಜುಂಡಪ್ಪ, ಅರಸೀಕೆರೆ

ಹಳೇ ಕಾಲವೇ ಚೆನ್ನಾಗಿತ್ತು ಸ್ವಾಮಿ. ತೊಂಬತ್ತರ ದಶಕದಲ್ಲಿ ನಮ್ಮ ತಂದೆಗೆ ಬ್ಯಾಂಕು ಶೇ 12 ಕೊಡುತ್ತಿತ್ತು. ಆ ಬಡ್ಡಿ ಈಗ ಇದ್ದಿದ್ದರೆ ಇವರಿಗೆ ಇಷ್ಟು ಯೋಚನೆ ಇರುತ್ತಿರಲಿಲ್ಲ.

ಮೂರ್ತಿ, ಚಿಕ್ಕಮಗಳೂರು

ನಂಜುಂಡಪ್ಪನವರೇ, ಆ ಎಫ್‌ಡಿಗಳನ್ನು ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಆದರೆ 1998ರಲ್ಲಿ ಈರುಳ್ಳಿ ಬೆಲೆ ಏನಾಗಿತ್ತು ನೆನಪಿದೆಯಾ? ಆ ವರ್ಷ ಬೆಲೆ ಏರಿಕೆ ಶೇ 13ರ ಹತ್ತಿರ ಹೋಗಿತ್ತು.

ಬಡ್ಡಿ ಜಾಸ್ತಿ ಇದ್ದರೆ ಒಳ್ಳೆಯದು ಅಂತ ನಮಗೆಲ್ಲ ಅನಿಸುತ್ತದೆ. ಒಂದು ಲೆಕ್ಕ ನೋಡಿ. ಒಬ್ಬರಿಗೆ ಬಡ್ಡಿ ಶೇ 7, ಬೆಲೆ ಏರಿಕೆ ಶೇ 5. ಇನ್ನೊಬ್ಬರಿಗೆ ಬಡ್ಡಿ ಶೇ 10, ಬೆಲೆ ಏರಿಕೆ ಶೇ 8. ಇಬ್ಬರಿಗೂ ಅಂತರ ಎರಡೇ. ತೆರಿಗೆ ಶೇ 20.8 ಕಳೆಯಿರಿ. ಮೊದಲನೆಯವರಿಗೆ ಶೇ 5.54 ಉಳಿಯುತ್ತದೆ, ಬೆಲೆ ಏರಿಕೆಗಿಂತ ಅರ್ಧ ಪರ್ಸೆಂಟ್ ಮುಂದೆ. ಎರಡನೆಯವರಿಗೆ ಶೇ 7.92, ಬೆಲೆ ಏರಿಕೆಗಿಂತ ಹಿಂದೆ. ಬಡ್ಡಿಯೂ ಬೆಲೆಯೂ ಒಟ್ಟಿಗೆ ಏರಿದಷ್ಟೂ ತೆರಿಗೆ ಕಟ್ಟುವವರಿಗೆ ನಷ್ಟ.

ನಂಜುಂಡಪ್ಪ, ಅರಸೀಕೆರೆ

ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ನಾನು ಬಡ್ಡಿ ನೋಡಿಯೇ ಒಂದು ಸೊಸೈಟಿಯಲ್ಲಿ ಶೇ 10.5ಕ್ಕೆ ನಾಲ್ಕು ಲಕ್ಷ ಇಟ್ಟೆ. ಎರಡು ವರ್ಷ ಬಡ್ಡಿ ತಿಂಗಳು ತಿಂಗಳು ಬಂತು. ಆಮೇಲೆ ನಿಂತುಹೋಯಿತು. ಈಗ ಅಸಲು ಕೇಳಲು ಹೋದರೆ ಮುಂದಿನ ತಿಂಗಳು ಬನ್ನಿ ಅನ್ನುತ್ತಾರೆ. ಬ್ಯಾಂಕಿನ ಹಾಗೆ ಐದು ಲಕ್ಷದವರೆಗೆ ವಿಮೆ ಇರುತ್ತದೆ ಅಂದುಕೊಂಡಿದ್ದೆ.

ಮೂರ್ತಿ, ಚಿಕ್ಕಮಗಳೂರು

ಕೇಳಿ ತುಂಬಾ ಬೇಸರ ಆಯಿತು. ಆ ಐದು ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸೊಸೈಟಿಗಳಿಗೆ ಇಲ್ಲ. ಬೋರ್ಡಿನಲ್ಲಿ "ಬ್ಯಾಂಕ್" ಅಂತ ಇದೆಯಾ, ಠೇವಣಿ ವಿಮೆ ಇದೆ ಅಂತ ಕೌಂಟರಿನಲ್ಲಿ ಬರೆದಿದೆಯಾ ಅಂತ ಇಡುವ ಮೊದಲೇ ನೋಡಬೇಕು. ನೀವು ತಡ ಮಾಡದೆ ಸಹಕಾರ ಇಲಾಖೆಗೆ ಲಿಖಿತ ದೂರು ಕೊಡಿ, ರಸೀದಿಗಳ ಜೆರಾಕ್ಸ್ ಜೊತೆಗೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ.

ಶಿಕ್ಷಕಿ, ಚನ್ನರಾಯಪಟ್ಟಣ

12 ಲಕ್ಷದ ಬಗ್ಗೆ ಬರೆಯುತ್ತೇನೆ ಅಂದಿದ್ದಿರಿ ಸರ್, ಕಾಯುತ್ತಿದ್ದೇನೆ. ನನ್ನ ಸಂಬಳ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 11,80,000. ಎಫ್‌ಡಿ ಬಡ್ಡಿ ವರ್ಷಕ್ಕೆ 35,000. ತೆರಿಗೆ ಇಲ್ಲ ಅಂತ ಖುಷಿಯಲ್ಲಿದ್ದೆ.

ಮೂರ್ತಿ, ಚಿಕ್ಕಮಗಳೂರು

ಮೇಡಂ, ನೀವು ಸರಿಯಾಗಿ ಗಡಿಯ ಮೇಲೆ ಕೂತಿದ್ದೀರಿ. ಎರಡೂ ಸೇರಿ 12,15,000. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಪೂರ್ತಿ ಮಾಫಿ. ಸ್ವಲ್ಪ ದಾಟಿದವರಿಗೆ ಒಂದೇ ಸಲ 60 ಸಾವಿರ ಬೀಳಬಾರದು ಅಂತ ಒಂದು ಸಡಿಲಿಕೆ ಇದೆ: ತೆರಿಗೆ, 12 ಲಕ್ಷದ ಮೇಲೆ ಇರುವ ಮೊತ್ತವನ್ನು ಮೀರುವುದಿಲ್ಲ. ನಿಮಗೆ ಮೇಲಿರುವುದು 15,000. ತೆರಿಗೆ 15,000, ಅದರ ಮೇಲೆ ಸೆಸ್ 600.

ಅಂದರೆ ನಿಮ್ಮ 35,000 ಬಡ್ಡಿಯಲ್ಲಿ 20,000ಕ್ಕೆ ತೆರಿಗೆ ಇಲ್ಲ. ಉಳಿದ 15,000 ಪೂರ್ತಿಯಾಗಿ ಹೋಯಿತು. 12 ಲಕ್ಷದಿಂದ ಸುಮಾರು 12,70,000ದವರೆಗೆ ಇರುವ ಎಲ್ಲರಿಗೂ ಹೀಗೇ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಐದು ವರ್ಷದ ಬಡ್ಡಿಯನ್ನು ಪ್ರತಿ ವರ್ಷ ತೋರಿಸದೆ ಮೆಚ್ಯೂರ್ ಆದ ವರ್ಷ ಒಟ್ಟಿಗೆ ತೋರಿಸಿದರೆ ಆ ಒಂದೇ ವರ್ಷ ಗಡಿ ದಾಟುತ್ತೀರಿ. ಬಡ್ಡಿ ಕೈಗೆ ಬರದಿದ್ದರೂ ಬ್ಯಾಂಕು ವರ್ಷ ವರ್ಷ ನಿಮ್ಮ ಪ್ಯಾನ್ ಮೇಲೆ ತೋರಿಸುತ್ತಿರುತ್ತದೆ. ನೀವೂ ಅದರಂತೆಯೇ ತೋರಿಸುತ್ತಾ ಬನ್ನಿ.

ಶಿಕ್ಷಕಿ, ಚನ್ನರಾಯಪಟ್ಟಣ

ಹಾಗಾದರೆ ನನಗೆ ಪಿಪಿಎಫ್ ವಾಸಿಯಾ? ಅಲ್ಲಿ ಶೇ 7.1 ಇದೆ.

ಮೂರ್ತಿ, ಚಿಕ್ಕಮಗಳೂರು

15 ವರ್ಷ ಬಿಡಲು ಆಗುವ ದುಡ್ಡಾದರೆ ಖಂಡಿತ. ಪಿಪಿಎಫ್ ಬಡ್ಡಿ ಆದಾಯಕ್ಕೆ ಸೇರುವುದೇ ಇಲ್ಲ, ಗಡಿಯ ಪ್ರಶ್ನೆಯೇ ಬರುವುದಿಲ್ಲ. ಸವಿತಾ ಮೇಡಂ ಸ್ಲ್ಯಾಬಿನವರಿಗೆ ತೆರಿಗೆ ಇಲ್ಲದ ಶೇ 7.1 ಅಂದರೆ ಶೇ 9ರ ಎಫ್‌ಡಿ ಇದ್ದ ಹಾಗೆ. ವರ್ಷಕ್ಕೆ ಒಂದೂವರೆ ಲಕ್ಷ ಮಾತ್ರ ಹಾಕಬಹುದು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಹೇಳುತ್ತದೆ, 2020ರಿಂದ ಬದಲಾಗಿಲ್ಲ, ಮುಂದೆ ಬದಲಾಗಲೂಬಹುದು.

ಕಾರ್ತಿಕ್, ಸಕಲೇಶಪುರ

ಪ್ರತಿಯೊಬ್ಬರೂ ತಮ್ಮ ಲೆಕ್ಕ ಮಾಡಿಕೊಳ್ಳಲಿ ಅಂತ ಮೂರ್ತಿ ಸರ್ ಹೇಳಿದ್ದನ್ನು ಶೀಟಿಗೆ ಹಾಕಿದೆ. B1ರಲ್ಲಿ ಬಡ್ಡಿ, B2ರಲ್ಲಿ ತೆರಿಗೆ, B3ರಲ್ಲಿ ಬೆಲೆ ಏರಿಕೆ, ಮೂರನ್ನೂ ಪರ್ಸೆಂಟ್ ಆಗಿ ಕೊಡಿ.

```
=(1+B1*(1-B2))/(1+B3)-1
```

7%, 20.8%, 5% ಕೊಟ್ಟರೆ 0.5% ಬರುತ್ತದೆ. ತೆರಿಗೆ 31.2% ಕೊಟ್ಟರೆ ಮೈನಸ್ 0.2%. ತೆರಿಗೆ 0 ಕೊಟ್ಟರೆ 1.9%.

ಮೂರ್ತಿ, ಚಿಕ್ಕಮಗಳೂರು

ಬಹಳ ಒಳ್ಳೆಯ ಕೆಲಸ ಮಾಡಿದಿರಿ. B1ರ ಬಗ್ಗೆ ಒಂದು ಎಚ್ಚರಿಕೆ. ಕೆಲವು ಜಾಹೀರಾತಿನಲ್ಲಿ "ಐದು ವರ್ಷಕ್ಕೆ ಶೇ 8.3 ಯೀಲ್ಡ್" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಶೇ 7ರ ಎಫ್‌ಡಿಯಲ್ಲಿ ಒಂದು ಲಕ್ಷ ಐದು ವರ್ಷಕ್ಕೆ 1,41,478 ಆಗುತ್ತದೆ. ಆ 41,478ನ್ನು ಐದರಿಂದ ಭಾಗಿಸಿ 8.3 ಅಂತಾರೆ. ಅದನ್ನು B1ಕ್ಕೆ ಹಾಕಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಬಾಂಡಿನ ಮೇಲೆ ಬರೆದಿರುವ ದರವನ್ನೇ ಹಾಕಿ.

B3ಕ್ಕೆ ನಿಮ್ಮ ಗುರಿಯ ಬೆಲೆ ಏರಿಕೆ ಹಾಕಿ. ಸವಿತಾ ಮೇಡಂ ಚೀಟಿ ಪ್ರಕಾರ 1,20,000 ಇದ್ದದ್ದು 2,35,000 ಆಗಿದೆ. ವರ್ಷಕ್ಕೆ ಶೇ 7. ಸೂಚ್ಯಂಕದ ಶೇ 4.7 ನೋಡಿದರೆ ಅವರು ಸ್ವಲ್ಪ ಗೆದ್ದರು. ಕಾಲೇಜಿನ ಶೇ 7 ನೋಡಿದರೆ ಹಿಂದೆ ಬಿದ್ದರು. ಎರಡೂ ನಿಜ.

ರೇಖಾ, ಬೇಲೂರು

ಎಲ್ಲಾ ಓದಿದೆ. ನನ್ನದು ಬೇರೆ ಪರಿಸ್ಥಿತಿ. ನಾವಿಬ್ಬರೂ ಸ್ಟೇಷನರಿ ಅಂಗಡಿ ನಡೆಸುತ್ತೇವೆ, ತೆರಿಗೆ ಬೀಳುವಷ್ಟು ಆದಾಯ ಇಲ್ಲ. ಮಗಳಿಗೆ 5 ವರ್ಷ. ತಿಂಗಳಿಗೆ 6,000 ಆರ್‌ಡಿ ಕಟ್ಟಲು ಶುರು ಮಾಡಬೇಕು ಅಂತಿದ್ದೇನೆ. ತೆರಿಗೆ ಇಲ್ಲದ್ದರಿಂದ 13 ವರ್ಷಕ್ಕೆ ಸಾಕಾಗುತ್ತಾ? ಸವಿತಾ ಅಕ್ಕ ಹೇಳಿದ ಥರದ ಕಾಲೇಜೇ ಇರಲಿ.

ಮೂರ್ತಿ, ಚಿಕ್ಕಮಗಳೂರು

ರೇಖಾ, ನಿನ್ನಂಥವರು ಇದನ್ನು ಈಗಲೇ ಕೇಳಬೇಕಮ್ಮ.

ನಾಲ್ಕು ವರ್ಷದ ಓದು ಇವತ್ತಿನ ಬೆಲೆಯಲ್ಲಿ 9,40,000. ವರ್ಷಕ್ಕೆ ಶೇ 7 ಏರಿದರೆ 13 ವರ್ಷದ ಮೇಲೆ 22,65,000. ಆರ್‌ಡಿ ಶೇ 6.5 ಹಿಡಿಯೋಣ. ತಿಂಗಳಿಗೆ 6,000ದಂತೆ 13 ವರ್ಷವೂ ಒಂದೇ ಸಮ ಕಟ್ಟಿದರೆ ಸೇರುವುದು 14,70,000. ಬೇಕಾದದ್ದರ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ಒಂದು ರೂಪಾಯಿ ತೆರಿಗೆ ಕಟ್ಟದೆಯೂ ಇಷ್ಟು ಕೊರತೆ.

ಇಲ್ಲಿ ತಪ್ಪುತ್ತಿರುವುದು ಕಂತು. ಫೀಸು ಪ್ರತಿ ವರ್ಷ ಏರುತ್ತದೆ, ನಿನ್ನ ಕಂತು ನಿಂತಲ್ಲೇ ನಿಂತಿದೆ. ಹತ್ತನೇ ವರ್ಷ ನೀನು ಕಟ್ಟುವ 6,000 ಇವತ್ತಿನ ಮೂರು ಸಾವಿರ ಚಿಲ್ಲರೆಗೆ ಸಮ.

ಬದಲಿಗೆ ಪ್ರತಿ ವರ್ಷ ಕಂತನ್ನು ಶೇ 7 ಏರಿಸು. ಮೊದಲ ವರ್ಷ 6,000, ಮುಂದಿನ ವರ್ಷ 6,420. ಹೀಗೆ ಹೋದರೆ 21,40,000 ಸೇರುತ್ತದೆ. 6,350ರಿಂದ ಶುರು ಮಾಡಿದರೆ 22,65,000 ಮುಟ್ಟುತ್ತದೆ. ಆರ್‌ಡಿಯಲ್ಲಿ ನಡುವೆ ಕಂತು ಏರಿಸಲು ಬರುವುದಿಲ್ಲ, ಪ್ರತಿ ವರ್ಷ ಹೆಚ್ಚುವರಿ ಮೊತ್ತಕ್ಕೆ ಇನ್ನೊಂದು ಸಣ್ಣ ಆರ್‌ಡಿ ತೆರೆಯಬೇಕು.

ಇದರ ಅರ್ಥ ಏನೆಂದರೆ, ಬಡ್ಡಿ ಫೀಸಿನ ಏರಿಕೆಯನ್ನು ಹಿಂಬಾಲಿಸುತ್ತದೆ ಅಷ್ಟೇ, ನಿನ್ನ ಪರವಾಗಿ ಕೂಡಿಡುವುದಿಲ್ಲ. ಇವತ್ತಿನ ಬೆಲೆಯ 9,40,000ವನ್ನು 156 ತಿಂಗಳಿಗೆ ಭಾಗಿಸಿದರೆ 6,000 ಚಿಲ್ಲರೆ ಬರುತ್ತದೆ ನೋಡು. ಪೂರ್ತಿ ಗುರಿಯನ್ನು ನೀವೇ ದುಡಿದು ಹಾಕುತ್ತಿದ್ದೀರಿ.

ರೇಖಾ, ಬೇಲೂರು

13ನೇ ವರ್ಷ ಕಂತು ಎಷ್ಟಾಗುತ್ತದೆ ಸರ್?

ಮೂರ್ತಿ, ಚಿಕ್ಕಮಗಳೂರು

6,350ರಿಂದ ಶುರು ಮಾಡಿದರೆ ಸುಮಾರು 14,300. ಅಂಗಡಿ ಆದಾಯ ಅಷ್ಟು ಬೆಳೆಯುತ್ತದಾ ಅಂತ ನೀವಿಬ್ಬರೂ ಕೂತು ಮಾತಾಡಿ. ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿಯನ್ನೂ ನೋಡಿ, ಈಗ ಶೇ 8.2, ಹೆಣ್ಣುಮಗುವಿಗೆ 10 ವರ್ಷ ಆಗುವ ಮೊದಲು ತೆರೆಯಬೇಕು. ಆದರೆ ಪೂರ್ತಿ ಅಲ್ಲಿಗೇ ಹಾಕಬೇಡಿ. ಮಗಳಿಗೆ 18 ಆದಾಗ ಓದಿಗೆ ಅಂತ ಅರ್ಧ ಮಾತ್ರ ತೆಗೆಯಬಹುದು. ಉಳಿದದ್ದು ಖಾತೆ ತೆರೆದು 21 ವರ್ಷಕ್ಕೆ, ಅಷ್ಟು ಹೊತ್ತಿಗೆ ಅವಳ ಓದು ಮುಗಿದಿರುತ್ತದೆ.

ಕಾರ್ತಿಕ್, ಸಕಲೇಶಪುರ

ಸರ್, ಇಷ್ಟೆಲ್ಲ ಲೆಕ್ಕ ಆದ ಮೇಲೂ ನನ್ನ ಮೊದಲ ಮಾತಿಗೆ ಉತ್ತರ ಬಂದಿಲ್ಲ. 13 ವರ್ಷ ಇದೆ. ಅರ್ಧನಾದರೂ ಇಂಡೆಕ್ಸ್ ಫಂಡ್‌ಗೆ ಹಾಕಬಾರದಾ? ಅಲ್ಲಿ ಮಾರಿದಾಗ ಮಾತ್ರ ತೆರಿಗೆ, ವರ್ಷಕ್ಕೆ 1.25 ಲಕ್ಷ ಲಾಭದವರೆಗೆ ಅದೂ ಇಲ್ಲ, ಮೇಲೆ ಶೇ 12.5. ಎಫ್‌ಡಿಯ ಹಾಗೆ ಪ್ರತಿ ವರ್ಷ ಕಚ್ಚಲ್ಲ.

ಮೂರ್ತಿ, ಚಿಕ್ಕಮಗಳೂರು

ತೆರಿಗೆಯ ಬಗ್ಗೆ ನೀವು ಹೇಳಿದ್ದು ಸರಿ. 13 ವರ್ಷ ಇರುವವರು ಒಂದು ಪಾಲು ಹಾಕುವುದನ್ನು ನಾನು ಬೇಡ ಅನ್ನುವುದಿಲ್ಲ. ನನ್ನ ಭಯ ಕೊನೆಯ ಮೂರು ವರ್ಷದ್ದು. 2020ರ ಜನವರಿಯಲ್ಲಿ ನಿಫ್ಟಿ 12,000ದ ಮೇಲಿತ್ತು, ಮಾರ್ಚ್ 23ಕ್ಕೆ 7,600ರ ಹತ್ತಿರ ಇಳಿಯಿತು. ಆ ವರ್ಷ ಫೀಸು ಕಟ್ಟಬೇಕಿದ್ದವರು ಏನು ಮಾಡಬೇಕಿತ್ತು? ಕಾಲೇಜು ಕಾಯುವುದಿಲ್ಲ.

ಕಾರ್ತಿಕ್, ಸಕಲೇಶಪುರ

ಕೊನೆಯ ಮೂರು ವರ್ಷ ಸ್ವಲ್ಪ ಸ್ವಲ್ಪ ಎಫ್‌ಡಿಗೆ ತಂದರೆ ಆಯಿತಲ್ಲ ಸರ್.

ಮೂರ್ತಿ, ಚಿಕ್ಕಮಗಳೂರು

ತಂದರೆ ಆಯಿತು. ಮಾರುಕಟ್ಟೆ ಏರುತ್ತಿರುವಾಗ ತರುವವರು ಎಷ್ಟು ಜನ? ಇದರಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ.

ತೋಟದಮನೆ ಗೌಡ, ಮೂಡಿಗೆರೆ

ಆಡಿಟರ್ ಹತ್ರ ಹೋಗಿ ಬಂದೆ. ಕ್ಯೂರಿಂಗ್ ಲೆಕ್ಕ ಮೂರ್ತಿಯವರು ಹೇಳಿದ ಹಾಗೇ. ಆ ಶೇ 25 ಭಾಗ, ಬಡ್ಡಿ ಎರಡೂ ಸೇರಿದರೆ 4 ಲಕ್ಷ ದಾಟುತ್ತದಂತೆ. ಎಷ್ಟು ಬೀಳುತ್ತದೆ ಅಂತ ಬಿಲ್ಲುಗಳೆಲ್ಲ ತಂದ ಮೇಲೆ ಹೇಳುತ್ತಾರೆ.

ಸವಿತಾ, ಹಾಸನ

ಎಲ್ಲರಿಗೂ ಧನ್ಯವಾದ. ಮಗಳು ಹೋದ ವಾರ ಸೇರಿದಳು. 2,35,000 ಕಟ್ಟಿದೆ. ಮುಂದಿನ ವರ್ಷಕ್ಕೆ ಬೇಕಾದ ಎರಡೂವರೆ ಲಕ್ಷವನ್ನು ಹನ್ನೊಂದು ತಿಂಗಳಿಗೆ ಎಫ್‌ಡಿ ಇಟ್ಟೆ, ಇಷ್ಟು ಹತ್ತಿರದ ದುಡ್ಡಿಗೆ ಅದೇ ಸರಿ ಅನಿಸಿತು. ಉಳಿದದ್ದು ಎಂಬತ್ತೆಂಟು ಸಾವಿರ, ಅದು ಮೂರನೇ ವರ್ಷಕ್ಕೆ. ಮೂರು ಮತ್ತು ನಾಲ್ಕನೇ ವರ್ಷಕ್ಕೆ ಇನ್ನೂ ನಾಲ್ಕೂವರೆ ಲಕ್ಷದಷ್ಟು ಬೇಕು. ಎಜುಕೇಶನ್ ಲೋನ್ ಕೇಳಲು ಗುರುವಾರ ಬ್ಯಾಂಕಿಗೆ ಹೋಗುತ್ತಿದ್ದೇನೆ.

ಹೊಸ ಎಫ್‌ಡಿ ಕವರ್ ಒಳಗೂ ಒಂದು ಚೀಟಿ ಇಟ್ಟಿದ್ದೇನೆ. ಈ ಸಲ ಫೀಸಿನ ಕೆಳಗೆ ಬಡ್ಡಿಯನ್ನು ತೆರಿಗೆ ಕಳೆದು ಬರೆದಿದ್ದೇನೆ.